ಒಂದೇ ಉತ್ತರ, ಎರಡು ಬಾಗಿಲು

ಸಾಹಿತ್ಯ ಸಮ್ಮೇಳನವೆಂದೊಡನೆ ವೇದಿಕೆ, ಗೋಷ್ಠಿ, ಪುಸ್ತಕ ಮಳಿಗೆ ಮತ್ತು ಊಟದ ಪಂಕ್ತಿಗಳು ಎಲ್ಲರ ಕಣ್ಣಮುಂದೆ ಬರುತ್ತವೆ. ಸಂಘದಲ್ಲಿ ಪತ್ರವ್ಯವಹಾರದ ಹೊಣೆ ಹೊತ್ತ ನಮ್ಮಂಥವರ ಪಾಲಿಗೆ ಸಮ್ಮೇಳನ ಅದಕ್ಕಿಂತ ಎರಡು ತಿಂಗಳು ಮೊದಲೇ, ಪ್ರಶ್ನೆಗಳ ರೂಪದಲ್ಲಿ ಆರಂಭವಾಗುತ್ತದೆ. ಉಳಿಯಲು ಕೋಣೆ ಇದೆಯೇ, ಎಲ್ಲಿ ಇಳಿಯಬೇಕು, ಮಕ್ಕಳನ್ನು ಕರೆತರಬಹುದೇ, ಕವಿತೆ ಓದಲು ಹೆಸರು ಕೊಡುವುದು ಯಾರ ಬಳಿ ಎಂಬ ಪ್ರಶ್ನೆಗಳು ದಿನವೂ ಬರುತ್ತವೆ. ಅವುಗಳಿಗೆ ಉತ್ತರ ಬರೆಯುವುದು ಸಣ್ಣ ಕೆಲಸವೆಂದು ತೋರಬಹುದು. ಆದರೆ ಆ ಉತ್ತರವನ್ನೇ ನಂಬಿ ಒಂದು ಕುಟುಂಬ ರಾತ್ರಿ ಮಿರಜ ನಿಲ್ದಾಣದಲ್ಲಿ ಇಳಿಯುತ್ತದೆ ಎಂಬುದನ್ನು ನೆನೆದಾಗ ಅದರ ಭಾರ ಅರಿವಾಗುತ್ತದೆ.

ನಮ್ಮ ಯಡ್ರಾವದ ಪರಿಸರದಲ್ಲಿ ಈ ಪ್ರಶ್ನೆಗಳು ಎರಡು ಬಾಗಿಲುಗಳಿಂದ ಬರುತ್ತವೆ. ಆಹ್ವಾನಿತ ಉಪನ್ಯಾಸಕರು, ನಿವೃತ್ತ ಶಿಕ್ಷಕರು, ಬೆಳಗಾವಿ ಧಾರವಾಡಗಳ ಲೇಖಕರು ಇ-ಮೇಲ್ ಬರೆಯುತ್ತಾರೆ. ಅವರಿಗೆ ಅದು ಪತ್ರ. ಅದನ್ನು ಅವರು ಕಾದಿಡುತ್ತಾರೆ, ಬೇಕಾದಾಗ ಹುಡುಕಿ ತೆಗೆಯುತ್ತಾರೆ, ಕಚೇರಿಗೆ ರಜೆ ಕೇಳಲು ಮುದ್ರಿಸಿಕೊಳ್ಳುತ್ತಾರೆ. ಇಚಲಕರಂಜಿಯ ಮಗ್ಗದ ಮನೆತನಗಳವರು ವಾಟ್ಸಾಪ್‌ನಲ್ಲಿ ಕೇಳುತ್ತಾರೆ. ಅದಕ್ಕೆ ಕಾರಣ ಅವಸರವೊಂದೇ ಅಲ್ಲ. ವಿದ್ಯುತ್ ಮಗ್ಗಗಳು ಓಡುತ್ತಿರುವ ಶೆಡ್ಡಿನೊಳಗೆ ದೂರವಾಣಿಯ ಮಾತು ಕಿವಿಗೆ ಬೀಳುವುದೇ ಇಲ್ಲ. ಅಲ್ಲಿ ಓದಲು ಮಾತ್ರ ಸಾಧ್ಯ. ಅದೂ ನೂಲು ಕಡಿದ ಮಗ್ಗದಿಂದ ಇನ್ನೊಂದು ಮಗ್ಗಕ್ಕೆ ಹೋಗುವ ನಡುವಿನ ಅರೆಗಳಿಗೆಯಲ್ಲಿ, ಅಂಗೈಯಗಲದ ಪರದೆಯ ಮೇಲೆ.

ಎರಡು ಬಗೆಯ ಓದುಗರಿಗೆ ಎರಡು ಬಗೆಯ ಉತ್ತರ ಬರೆಯಬಹುದಲ್ಲ ಎಂದು ಯಾರಾದರೂ ಕೇಳಿಯಾರು. ಬರೆಯಬಹುದು. ಆದರೆ ಬರೆದ ಮೇಲೆ ಅವೆರಡೂ ಒಂದಾಗಿ ಉಳಿಯುವುದಿಲ್ಲ. ಹೆಸರು ನೋಂದಣಿಯ ಕೊನೆಯ ದಿನ ಎರಡು ದಿನ ಮುಂದೆ ಹೋದರೆ, ವಾಟ್ಸಾಪ್ ಸಂದೇಶ ಒಡನೆಯೇ ತಿದ್ದುಪಡಿಯಾಗುತ್ತದೆ, ಇ-ಮೇಲ್‌ನ ಕರಡು ಹಳೆಯದಾಗಿಯೇ ಉಳಿಯುತ್ತದೆ. ಒಂದೇ ಮನೆಯಲ್ಲಿ ಮಾವನವರು ಇ-ಮೇಲ್ ಓದಿ, ಸೊಸೆ ವಾಟ್ಸಾಪ್ ಓದಿ, ಇಬ್ಬರೂ ಎರಡು ಬೇರೆ ದಿನಾಂಕಗಳನ್ನು ಹೇಳಿದರೆ ಸಂಘದ ಮಾತಿಗೆ ಬೆಲೆ ಉಳಿಯುವುದಿಲ್ಲ. ಆದುದರಿಂದಲೇ ನಾವು ಒಂದೇ ಬರಹ, ಒಂದಕ್ಷರವೂ ಬದಲಾಗದೆ, ಎರಡೂ ಬಾಗಿಲುಗಳಿಂದ ಹೊರಡಬೇಕೆಂಬ ನಿಯಮವನ್ನು ಇಟ್ಟುಕೊಂಡಿದ್ದೇವೆ. ಈ ನಿಯಮದಿಂದ ದೊರೆಯುವುದೇನು, ಅದಕ್ಕೆ ತೆರಬೇಕಾದುದೇನು ಎಂಬುದೇ ಈ ಬರಹದ ವಿಷಯ.

ಇಂಥ ಇಕ್ಕಟ್ಟು ನಮ್ಮ ಹಿರಿಯರಿಗೂ ಅಪರಿಚಿತವಾಗಿರಲಿಲ್ಲ. ತಂತಿ ಇದ್ದ ಕಾಲದಲ್ಲಿ ಕಚೇರಿಗಳು ಮೊದಲು ತಂತಿ ಕಳುಹಿಸಿ, ಅದೇ ಒಕ್ಕಣೆಯ ಪ್ರತಿಯೊಂದನ್ನು ಅಂಚೆಯಲ್ಲಿ ದೃಢೀಕರಣಕ್ಕಾಗಿ ಕಳುಹಿಸುವ ರೂಢಿ ಇತ್ತು. ತಂತಿಗೆ ಪದದ ಲೆಕ್ಕದಲ್ಲಿ ಹಣ ತೆರಬೇಕಾದುದರಿಂದ ಅಲ್ಲಿ ಮಾತು ಬಿಗಿಯಾಗುತ್ತಿತ್ತು. ಅದೇ ಮಾತು ಕಾಗದದ ಮೇಲೆ ಬಂದಾಗ ಒರಟಾಗಿ ಕಾಣುತ್ತಿತ್ತಾದರೂ ಯಾರೂ ತಪ್ಪು ತಿಳಿಯುತ್ತಿರಲಿಲ್ಲ, ಏಕೆಂದರೆ ಅದು ತಂತಿಯ ಪ್ರತಿಯೆಂದು ಎಲ್ಲರಿಗೂ ಗೊತ್ತಿತ್ತು. 2013ರ ಜುಲೈಯಲ್ಲಿ ನಮ್ಮ ದೇಶದ ತಂತಿ ಸೇವೆ ಮುಗಿಯಿತು. ಇಂದಿನ ಉತ್ತರಕ್ಕೆ ಆ ರಿಯಾಯಿತಿ ಇಲ್ಲ. ಇ-ಮೇಲ್ ಓದುವವರು ಅದನ್ನು ಪೂರ್ಣ ಪತ್ರವೆಂದೇ ಅಳೆಯುತ್ತಾರೆ, ವಾಟ್ಸಾಪ್ ಓದುವವರು ಅದನ್ನು ಎದುರು ನಿಂತು ಆಡಿದ ಮಾತೆಂದೇ ಅಳೆಯುತ್ತಾರೆ.

ಮೊದಲನೆಯ ತೊಡಕು ಮೊದಲ ಸಾಲಿನದೇ. ಇ-ಮೇಲ್‌ಗೆ ವಿಷಯದ ಸಾಲು ಪ್ರತ್ಯೇಕವಾಗಿ ಇದೆ. ಪತ್ರವನ್ನು ತೆರೆಯುವ ಮೊದಲೇ ಅದು ಯಾವುದರ ಬಗ್ಗೆ ಎಂದು ತಿಳಿಯುತ್ತದೆ. ವಾಟ್ಸಾಪ್‌ಗೆ ವಿಷಯದ ಸಾಲಿಲ್ಲ. ಅಲ್ಲಿ ಮೊಬೈಲಿನ ಸೂಚನೆಯಲ್ಲಿ ಕಾಣುವುದು ಬರಹದ ಮೊದಲ ಕೆಲವು ಪದಗಳು ಮಾತ್ರ. ನಮ್ಮ ಪತ್ರಸಂಪ್ರದಾಯವಂತೂ ಇದಕ್ಕೆ ನೇರ ವಿರುದ್ಧ. ಉಭಯ ಕುಶಲೋಪರಿ ಸಾಂಪ್ರತ ಎಂದು ಆರಂಭಿಸಿ ಕ್ಷೇಮಸಮಾಚಾರ ಮುಗಿದ ಮೇಲೆಯೇ ಕಾರ್ಯಕ್ಕೆ ಬರುವುದು ಕನ್ನಡದ ರೀತಿ. ಇಲ್ಲಿಯ ಮರಾಠಿ ಪತ್ರಗಳೂ ಸಾ. ನ. ವಿ. ವಿ. ಎಂಬ ನಾಲ್ಕು ಅಕ್ಷರಗಳಿಂದಲೇ ಆರಂಭವಾಗುತ್ತಿದ್ದವು. ಆ ಕ್ರಮವನ್ನೇ ಅನುಸರಿಸಿದರೆ ಮಗ್ಗದ ಬಳಿ ನಿಂತವರಿಗೆ ಸೂಚನೆಯಲ್ಲಿ ಕಾಣುವುದು ನಮ್ಮ ನಮಸ್ಕಾರ ಮಾತ್ರ.

ಆದುದರಿಂದ ವಿಷಯದ ಸಾಲನ್ನೇ ಬರಹದ ಒಳಗೂ ಮೊದಲ ಸಾಲಾಗಿ ಇಡುತ್ತೇವೆ. ಇ-ಮೇಲ್‌ನಲ್ಲಿ ಇದು ಎರಡು ಬಾರಿ ಬರುತ್ತದೆ, ಒಮ್ಮೆ ಮೇಲಿನ ಪಟ್ಟಿಯಲ್ಲಿ, ಒಮ್ಮೆ ಪತ್ರದಲ್ಲಿ. ಅಷ್ಟು ಪುನರುಕ್ತಿಯನ್ನು ಸಹಿಸಬಹುದು. ಹಳೆಯ ಕಚೇರಿ ಪತ್ರಗಳಲ್ಲಿ "ವಿಷಯ" ಎಂದು ಬರೆಯುತ್ತಿದ್ದ ಸಾಲನ್ನೇ ಅದು ಹೋಲುವುದರಿಂದ ಯಾರಿಗೂ ವಿಚಿತ್ರವಾಗಿ ಕಾಣುವುದಿಲ್ಲ. ನಮಸ್ಕಾರ ಎರಡನೆಯ ಸಾಲಿಗೆ ಇಳಿಯುತ್ತದೆ. ಆದರೆ ಅದನ್ನು ತೆಗೆದುಹಾಕುವುದಿಲ್ಲ. ವಾಟ್ಸಾಪ್‌ನಲ್ಲಿ ನಮಸ್ಕಾರವಿಲ್ಲದ ಸಂದೇಶ ಸಹಜವೆನಿಸಿದರೂ, ಇ-ಮೇಲ್‌ನಲ್ಲಿ ಅದು ಹಿರಿಯರಿಗೆ ಬಾಗಿಲಲ್ಲೇ ಉತ್ತರ ಹೇಳಿ ಕಳುಹಿಸಿದಂತೆ ಆಗುತ್ತದೆ.

ಎರಡನೆಯ ತೊಡಕು ಸಂದರ್ಭದ್ದು. ಇ-ಮೇಲ್‌ಗೆ ಉತ್ತರಿಸಿದಾಗ ಕೇಳಿದ ಪ್ರಶ್ನೆ ಕೆಳಗೆ ಸಾಮಾನ್ಯವಾಗಿ ತಾನಾಗಿಯೇ ಉಳಿದಿರುತ್ತದೆ. ಆದುದರಿಂದ "ಹೌದು, ಇದೆ" ಎಂದರೂ ಸಾಕಾಗುತ್ತದೆ. ವಾಟ್ಸಾಪ್‌ನಲ್ಲಿ ಒಂದು ಸಂದೇಶಕ್ಕೆ ಬೆಸೆದು ಉತ್ತರಿಸಿದರೆ ಮೂಲದ ತುಣುಕೊಂದು ಮೇಲೆ ಕಾಣುತ್ತದೆ. ಆದರೆ ಆ ಉತ್ತರವನ್ನು ಯಾರಾದರೂ ಇನ್ನೊಂದು ಗುಂಪಿಗೆ ರವಾನಿಸಿದಾಗ ಆ ತುಣುಕು ಜೊತೆಗೆ ಹೋಗುವುದಿಲ್ಲ. ಕಳುಹಿಸಿದವರ ಹೆಸರೂ, ಮೂಲ ದಿನಾಂಕವೂ ಹೋಗುವುದಿಲ್ಲ. ಸಮ್ಮೇಳನದ ಸಂದೇಶಗಳು ರವಾನೆಯಾಗದೆ ಉಳಿಯುವುದೇ ಇಲ್ಲ. ಹೀಗಾಗಿ ಉತ್ತರ ತನ್ನ ಪ್ರಶ್ನೆಯನ್ನು ತನ್ನೊಳಗೇ ಹೊತ್ತಿರಬೇಕು. "ಇದೆ" ಎಂದಲ್ಲ, "ಶನಿವಾರ ರಾತ್ರಿ ಉಳಿಯಲು ಕೋಣೆ ಇದೆ" ಎಂದು ಬರೆಯಬೇಕು. "ನಾಳೆಯೊಳಗೆ ತಿಳಿಸಿ" ಎಂಬ ಮಾತಂತೂ ಅಪಾಯಕಾರಿ. ಇ-ಮೇಲನ್ನು ಮೂರನೆಯ ದಿನ ತೆರೆಯುವವರಿಗೂ, ರವಾನೆಯಾದ ಸಂದೇಶವನ್ನು ಐದನೆಯ ದಿನ ಓದುವವರಿಗೂ ನಾಳೆ ಎಂದರೆ ಬೇರೆ ಬೇರೆ ನಾಳೆ. ದಿನಾಂಕ ಮತ್ತು ವಾರ ಎರಡನ್ನೂ ಬರೆಯುವುದು ಸುರಕ್ಷಿತ. ಒಂದರಲ್ಲಿ ಕೈತಪ್ಪಾದರೂ ಇನ್ನೊಂದರಿಂದ ಓದುಗರಿಗೆ ಸಂಶಯ ಬರುತ್ತದೆ, ಕೇಳಿ ತಿಳಿದುಕೊಳ್ಳುತ್ತಾರೆ.

"ಮೇಲೆ ಹೇಳಿದಂತೆ", "ಲಗತ್ತಿಸಿದ ಪಟ್ಟಿಯಲ್ಲಿ" ಎಂಬ ಮಾತುಗಳಿಗೂ ಇದೇ ಗತಿ. ಇ-ಮೇಲ್‌ನಲ್ಲಿ ಲಗತ್ತು ಪತ್ರದೊಂದಿಗೇ ಇರುತ್ತದೆ. ಬರಹವನ್ನು ನಕಲಿಸಿ ವಾಟ್ಸಾಪ್‌ಗೆ ಅಂಟಿಸಿದಾಗ ಪಟ್ಟಿ ಜೊತೆಯಲ್ಲಿ ಬರುವುದಿಲ್ಲ. ಅದು ಬೇರೊಂದು ಸಂದೇಶವಾಗಿ ಹೋಗಬೇಕು, ಮುಂದಿನ ರವಾನೆಯಲ್ಲಿ ಕಳಚಿಯೂ ಹೋಗಬಹುದು. ಲಗತ್ತಿಲ್ಲದೆಯೂ ಅರ್ಥವಾಗುವಂತೆ ಬರೆಯುವುದೇ ಇದಕ್ಕೆ ಉಪಾಯ. ಮುಖ್ಯವಾದ ಎರಡು ಮೂರು ಸಂಗತಿಗಳನ್ನು ಬರಹದೊಳಗೇ ಹೇಳಿ, ಪೂರ್ಣ ಕಾರ್ಯಕ್ರಮ ಪಟ್ಟಿಯನ್ನು ಹೆಚ್ಚುವರಿಯಾಗಿ ಇಡಬೇಕು.

ಮೂರನೆಯದು ರೂಪದ ತೊಡಕು. ಇ-ಮೇಲ್‌ನಲ್ಲಿ ಕೋಷ್ಟಕ ಹಾಕಬಹುದು, ದಪ್ಪಕ್ಷರ ಮಾಡಬಹುದು, ಬಣ್ಣ ಕೊಡಬಹುದು. ಅದನ್ನು ನಕಲಿಸಿ ವಾಟ್ಸಾಪ್‌ಗೆ ತಂದಾಗ ಕೋಷ್ಟಕದ ಗೆರೆಗಳು ಮಾಯವಾಗಿ, ಕೋಣೆಯ ಸಂಖ್ಯೆಯೂ ಊಟದ ಸಮಯವೂ ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ವಾಟ್ಸಾಪ್‌ಗೆ ತನ್ನದೇ ಚಿಹ್ನೆಗಳಿವೆ. ಒಂದು ಪದದ ಎರಡೂ ಬದಿಗೆ ನಕ್ಷತ್ರ ಹಾಕಿದರೆ ಅಲ್ಲಿ ದಪ್ಪಕ್ಷರವಾಗುತ್ತದೆ:

```
*ಡಿಸೆಂಬರ್ 8*
```

ಇದೇ ಇ-ಮೇಲ್‌ನಲ್ಲಿ ನಕ್ಷತ್ರಗಳಾಗಿಯೇ ಉಳಿಯುತ್ತದೆ. ಓದಲು ಅಡ್ಡಿಯಿಲ್ಲ, ಆದರೆ ಒಂದು ಪುಟದಲ್ಲಿ ಹತ್ತು ಕಡೆ ನಕ್ಷತ್ರಗಳಿದ್ದರೆ ಪತ್ರ ಸಿಡುಬು ಬಂದಂತೆ ಕಾಣುತ್ತದೆ. ಒತ್ತು ಕೊಡಬೇಕಾದುದನ್ನು ಚಿಹ್ನೆಯಿಂದಲ್ಲ, ಸ್ಥಾನದಿಂದ ತೋರಿಸುವುದು ನಾವು ಕಂಡುಕೊಂಡ ದಾರಿ. ಮುಖ್ಯವಾದ ದಿನಾಂಕಕ್ಕೆ ಚಿಕ್ಕ ವಾಕ್ಯವೊಂದನ್ನು ಕೊಟ್ಟು ಮೇಲಕ್ಕೆ ತಂದರೆ ಅದಕ್ಕೆ ದಪ್ಪಕ್ಷರದ ಅಗತ್ಯವಿಲ್ಲ. ಸಾಲಿನ ಆರಂಭದಲ್ಲಿ ಅಂಕಿ, ಚುಕ್ಕೆ ಮತ್ತು ತೆರಪು ಇರುವ ಪಟ್ಟಿ, ಪ್ಯಾರಾಗಳ ನಡುವೆ ಒಂದು ಖಾಲಿ ಸಾಲು ಇವೆರಡು ಮಾತ್ರ ಎರಡೂ ಕಡೆ ಒಂದೇ ರೀತಿ ನಿಲ್ಲುತ್ತವೆ.

ಸಾಲು ಮುರಿಯುವುದರಲ್ಲಿಯೂ ಎಚ್ಚರ ಬೇಕು. ಬೆರಳಚ್ಚು ಯಂತ್ರದ ಅಭ್ಯಾಸವಿದ್ದವರು ಕಾಗದದ ಅಂಚು ಬಂದಂತೆ ಭಾವಿಸಿ ಪ್ರತಿ ಸಾಲಿನ ಕೊನೆಗೆ Enter ಒತ್ತುತ್ತಾರೆ. ದೊಡ್ಡ ಪರದೆಯ ಇ-ಮೇಲ್‌ನಲ್ಲಿ ಅದು ಅಂದವಾಗಿಯೇ ಕಾಣುತ್ತದೆ. ಮೊಬೈಲಿಗೆ ಬಂದಾಗ ಪ್ರತಿಯೊಂದು ಸಾಲೂ ಮತ್ತೊಮ್ಮೆ ಮುರಿದು, ಒಂದು ಉದ್ದ ಸಾಲು, ಒಂದು ಪದದ ಸಾಲು, ಮತ್ತೆ ಉದ್ದ ಸಾಲು ಎಂದು ಚಿಂದಿಯಾಗುತ್ತದೆ. ಪ್ಯಾರಾ ಮುಗಿಯುವವರೆಗೆ Enter ಒತ್ತದಿರುವುದು ಒಳ್ಳೆಯದು. ಗಣಕಯಂತ್ರದ ವಾಟ್ಸಾಪ್‌ನಲ್ಲಿ Enter ಒತ್ತಿದರೆ ಅರ್ಧ ಬರೆದ ಸಂದೇಶವೇ ಹೊರಟುಹೋಗುತ್ತದೆ ಎಂಬುದು ಇನ್ನೊಂದು ಕಾರಣ. ಆದುದರಿಂದ ಉತ್ತರವನ್ನು ಎರಡೂ ಕಡೆಯಲ್ಲಿ ಬರೆಯದೆ, ಸಾದಾ ಬರಹದ ಕಡತದಲ್ಲಿ ಬರೆದು ಮುಗಿಸಿ ನಂತರ ಅಂಟಿಸುತ್ತೇವೆ. ಇ-ಮೇಲ್‌ಗೆ ಅಂಟಿಸುವಾಗ Ctrl+Shift+V ಬಳಸಿದರೆ ಹಳೆಯ ಬಣ್ಣ, ಗಾತ್ರಗಳು ಸಾಮಾನ್ಯವಾಗಿ ಜೊತೆಯಲ್ಲಿ ಬರುವುದಿಲ್ಲ.

ಕನ್ನಡಕ್ಕೇ ವಿಶಿಷ್ಟವಾದ ಎರಡು ತೊಡಕುಗಳನ್ನು ಇಲ್ಲಿ ಹೇಳಬೇಕು. ಸಂಘದ ಹಳೆಯ ಕಡತಗಳು ಬಹುಮಟ್ಟಿಗೆ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿವೆ. ಆ ಪದ್ಧತಿಯಲ್ಲಿ ಕಡತದೊಳಗೆ ಇರುವುದು ಕನ್ನಡವಲ್ಲ, ರೋಮನ್ ಚಿಹ್ನೆಗಳು. ಅವುಗಳಿಗೆ ಕನ್ನಡದ ಆಕಾರ ಕೊಡುವುದು ಫಾಂಟು. ಫಾಂಟನ್ನು ಆಯುವ ಅವಕಾಶವಿರುವ ಇ-ಮೇಲ್‌ನಲ್ಲಿ, ಓದುವವರ ಯಂತ್ರದಲ್ಲಿಯೂ ಆ ಫಾಂಟು ಇದ್ದರೆ, ಅದು ಹೇಗೋ ಕನ್ನಡವಾಗಿ ಕಂಡೀತು. ವಾಟ್ಸಾಪ್‌ನಲ್ಲಿ ಫಾಂಟನ್ನು ಆಯಲು ಬರುವುದಿಲ್ಲ. ಆದುದರಿಂದ "ಕನ್ನಡ" ಎಂಬ ಪದವೇ ಅಲ್ಲಿ ಹೀಗೆ ಕಾಣುತ್ತದೆ:

```
PÀ£ÀßqÀ
```

ಕಳೆದ ವರ್ಷದ ಉತ್ತರವನ್ನೇ ತಿದ್ದಿ ಕಳುಹಿಸುವ ಮೊದಲು ಅದು ಯೂನಿಕೋಡ್‌ನಲ್ಲಿ ಇದೆಯೇ ಎಂದು ನೋಡಬೇಕು. ವಾಟ್ಸಾಪ್‌ನಲ್ಲಿ ತಮಗೆ ತಾವೇ ಸಂದೇಶ ಕಳುಹಿಸಿಕೊಳ್ಳುವ ಸೌಲಭ್ಯವಿದೆ. ಅಲ್ಲಿಗೆ ಒಂದು ಸಾಲನ್ನು ಅಂಟಿಸಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ. ಹಳೆಯ ವಿನ್ಯಾಸದಲ್ಲಿದ್ದರೆ ನುಡಿ, ಬರಹಗಳ ಜೊತೆಗೇ ಬರುವ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಾಯಿಸಿ, ಅಂಕಿಗಳನ್ನೂ ಒತ್ತಕ್ಷರಗಳನ್ನೂ ಒಮ್ಮೆ ಕಣ್ಣಿನಿಂದ ಓದಿ ನೋಡಬೇಕು.

ಎರಡನೆಯದು ವಿಭಕ್ತಿಪ್ರತ್ಯಯದ್ದು. ನಮ್ಮ ಭಾಷೆಯಲ್ಲಿ ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಬರುತ್ತದೆ. ಜಾಲದ ವಿಳಾಸಕ್ಕೂ ಹಾಗೆಯೇ ಅಂಟಿಸಿ ಬರೆಯುವುದು ನಮಗೆ ಸಹಜ:

```
https://example.org/yadravಕ್ಕೆ ಹೋಗಿ ನೋಡಿರಿ
```

ಇಲ್ಲಿ "ಕ್ಕೆ" ಎಂಬುದೂ ವಿಳಾಸದ ಭಾಗವೆಂದು ಯಂತ್ರ ತಿಳಿಯಬಹುದು. ಒತ್ತಿದವರಿಗೆ ಪುಟ ಸಿಗುವುದಿಲ್ಲ. ಇ-ಮೇಲ್‌ನಲ್ಲಿ "ಇಲ್ಲಿ ಒತ್ತಿರಿ" ಎಂಬ ಪದಗಳ ಹಿಂದೆ ವಿಳಾಸವನ್ನು ಅಡಗಿಸಿ ಇದರಿಂದ ಪಾರಾಗಬಹುದು. ಆದರೆ ಅದನ್ನು ನಕಲಿಸಿ ವಾಟ್ಸಾಪ್‌ಗೆ ಅಂಟಿಸಿದಾಗ ಪದಗಳು ಮಾತ್ರ ಬಂದು ವಿಳಾಸ ಹಿಂದೆಯೇ ಉಳಿಯುತ್ತದೆ. ಎರಡಕ್ಕೂ ಹೊಂದುವ ದಾರಿ ಒಂದೇ. ವಿಳಾಸಕ್ಕೆ ಅದರದೇ ಒಂದು ಸಾಲು ಕೊಟ್ಟು, ಹಿಂದೆ ಮುಂದೆ ಅಕ್ಷರವಾಗಲಿ ಪೂರ್ಣವಿರಾಮವಾಗಲಿ ಇಲ್ಲದಂತೆ ಪೂರ್ತಿಯಾಗಿ ಬರೆಯಬೇಕು. ಪತ್ರದ ಅಂದಕ್ಕೆ ಸ್ವಲ್ಪ ಕುಂದು ಬರುತ್ತದೆ, ಆದರೆ ದಾರಿ ತಪ್ಪುವುದಿಲ್ಲ. ದೂರವಾಣಿ ಸಂಖ್ಯೆಯನ್ನೂ ಇದೇ ಕಾರಣಕ್ಕೆ ಬೇರೆ ಸಾಲಿನಲ್ಲಿ, 0, 1, 2 ಎಂಬ ಅಂಕಿಗಳಲ್ಲಿಯೇ ಬರೆಯುವುದು ಲೇಸು.

ಇಷ್ಟನ್ನು ಒಂದು ನಿದರ್ಶನದ ಮೇಲೆ ಇಟ್ಟು ನೋಡೋಣ. ಗಡಹಿಂಗ್ಲಜದಿಂದ ಒಬ್ಬ ತಾಯಿ ಕೇಳುತ್ತಾರೆ: "ನಮ್ಮ ಮಾವನವರು ಹಿರಿಯರು, ಮೊಣಕಾಲು ನೋವಿನಿಂದ ಮೆಟ್ಟಿಲು ಹತ್ತಲಾರರು. ಹಿಂದಿನ ದಿನವೇ ಬಂದು ಉಳಿಯಬಹುದೇ? ಅವರು ಸೂರ್ಯಾಸ್ತದ ಅನಂತರ ಊಟ ಮಾಡುವುದಿಲ್ಲ. ಬೆಳಗಾವಿಯಿಂದ ಅಣ್ಣನವರು ರೈಲಿನಲ್ಲಿ ಬರುತ್ತಾರೆ, ಎಲ್ಲಿ ಇಳಿಯಬೇಕು?" ಕನ್ನಡ ಮನೆಮಾತಿನ ಜೈನ ಕುಟುಂಬಗಳು ಬಹುವಾಗಿರುವ ನಮ್ಮ ಸೀಮೆಯಲ್ಲಿ ಸೂರ್ಯಾಸ್ತದ ಪ್ರಶ್ನೆ ಒಬ್ಬರದಲ್ಲ, ಇನ್ನೂ ಅನೇಕರದು. ಆದುದರಿಂದ ಈ ಉತ್ತರ ಅವರಿಗೆ ಇ-ಮೇಲ್ ಆಗಿಯೂ, ಗುಂಪಿಗೆ ಸಂದೇಶವಾಗಿಯೂ ಹೋಗಬೇಕು.

ಅಭ್ಯಾಸಬಲದಿಂದ ಬರೆದರೆ ಅದು ಹೀಗೆ ಇರುತ್ತದೆ: "ಮಾನ್ಯರೇ, ತಮ್ಮ ಪತ್ರ ತಲುಪಿ ಸಂತೋಷವಾಯಿತು. ತಾವು ಕೇಳಿದ ವ್ಯವಸ್ಥೆಗಳೆಲ್ಲವೂ ಇವೆ. ವಿವರಗಳನ್ನು ಲಗತ್ತಿಸಿದ ಪಟ್ಟಿಯಲ್ಲಿ ನೋಡಿರಿ. ಸೋಮವಾರದೊಳಗೆ ತಿಳಿಸಿದರೆ ಅನುಕೂಲ. ತಮ್ಮ ಮಾವನವರಿಗೆ ಮೊಣಕಾಲು ನೋವಿರುವುದರಿಂದ ಕೆಳಗಿನ ಕೋಣೆ ಕೊಡಲಾಗುವುದು." ಇ-ಮೇಲ್ ಆಗಿ ಇದು ಸೌಜನ್ಯದ ಪತ್ರ. ವಾಟ್ಸಾಪ್ ಗುಂಪಿಗೆ ಬಂದಾಗ ಯಾವ ವ್ಯವಸ್ಥೆ, ಯಾವ ಸೋಮವಾರ, ಯಾವ ಪಟ್ಟಿ ಎಂಬುದು ಯಾರಿಗೂ ತಿಳಿಯುವುದಿಲ್ಲ. ಎಲ್ಲರಿಗೂ ತಿಳಿಯುವುದು ಒಬ್ಬ ಹಿರಿಯರ ಮೊಣಕಾಲು ನೋವು ಮಾತ್ರ.

ಎರಡೂ ಬಾಗಿಲುಗಳಿಗೆ ಹೊಂದುವಂತೆ ತಿದ್ದಿದರೆ ಅದು ಹೀಗಾಗುತ್ತದೆ. ದಿನಾಂಕ, ಸಮಯ ಮತ್ತು ವಿಳಾಸಗಳು ಮಾದರಿಗಾಗಿ ಮಾತ್ರ:

```
ಯಡ್ರಾವ ಸಾಹಿತ್ಯ ಸಮ್ಮೇಳನ, ಡಿಸೆಂಬರ್ 14, ಭಾನುವಾರ: ವಸತಿ, ಊಟ, ದಾರಿ

ಮಾನ್ಯರೇ, ನಮಸ್ಕಾರ.

ಹಿಂದಿನ ರಾತ್ರಿ ಉಳಿಯಲು ಕೋಣೆ ಇದೆ. ಸೂರ್ಯಾಸ್ತಕ್ಕೆ ಮೊದಲು ಊಟವೂ ಇದೆ. ಎರಡಕ್ಕೂ ಡಿಸೆಂಬರ್ 8, ಸೋಮವಾರ ಸಂಜೆ 6 ಗಂಟೆಯೊಳಗೆ ಹೆಸರು ತಿಳಿಸಬೇಕು.

1. ವಸತಿ: ಡಿಸೆಂಬರ್ 13, ಶನಿವಾರ ಮಧ್ಯಾಹ್ನ 3ರಿಂದ. ಮೆಟ್ಟಿಲು ಹತ್ತಲಾಗದವರಿಗೆ ಕೆಳಗಿನ ಕೋಣೆಗಳಿವೆ.
2. ಊಟ: ಶನಿವಾರ ಮತ್ತು ಭಾನುವಾರ ಸಂಜೆ 5 ಗಂಟೆಗೆ ಒಂದು ಪಂಕ್ತಿ, ರಾತ್ರಿ 8ಕ್ಕೆ ಇನ್ನೊಂದು.
3. ದಾರಿ: ಇಚಲಕರಂಜಿಗೆ ರೈಲು ನಿಲ್ದಾಣವಿಲ್ಲ. ರೈಲಿನವರು ಮಿರಜ-ಕೊಲ್ಹಾಪುರ ದಾರಿಯ ಜಯಸಿಂಗಪುರದಲ್ಲಿ, ಬಸ್ಸಿನವರು ಇಚಲಕರಂಜಿ ಬಸ್ ನಿಲ್ದಾಣದಲ್ಲಿ ಇಳಿಯಬೇಕು.

ದಾರಿಯ ನಕ್ಷೆ:
https://example.org/yadrav

ಹೆಸರು, ಬರುವವರ ಸಂಖ್ಯೆ, ತಲುಪುವ ಸಮಯ ಇವನ್ನು ಕಾರ್ಯದರ್ಶಿಯವರಿಗೆ ನೇರವಾಗಿ ತಿಳಿಸಿರಿ.

ಕಾರ್ಯದರ್ಶಿ, ಕನ್ನಡ ಸಂಘ
ಯಡ್ರಾವ, ಶಿರೋಳ ತಾಲ್ಲೂಕು, ಕೊಲ್ಹಾಪುರ ಜಿಲ್ಲೆ
```

ಇದರಲ್ಲಿ ಕೆಲವು ಸಂಗತಿಗಳನ್ನು ಗಮನಿಸಬೇಕು. ಓದುಗರಿಗೆ ಮೊದಲು ಬೇಕಾದ "ಇದೆ" ಎಂಬ ಉತ್ತರ ಮತ್ತು ಅವರು ಮಾಡಬೇಕಾದ ಕೆಲಸದ ಗಡುವು ಎರಡೂ ಮೊದಲ ಮೂರು ವಾಕ್ಯಗಳೊಳಗೆ ಮುಗಿದಿವೆ. ಉದ್ದ ಸಂದೇಶವನ್ನು ವಾಟ್ಸಾಪ್ ನಡುವೆ ಮುಚ್ಚಿ, ಇನ್ನಷ್ಟು ಓದಲು ಒತ್ತಬೇಕೆಂದು ಸೂಚಿಸುತ್ತದೆ. ಒತ್ತದೆ ಬಿಡುವವರು ಅನೇಕರು. ಅವರಿಗೂ ಮುಖ್ಯ ಮಾತು ದಕ್ಕಿರುತ್ತದೆ. ಇಚಲಕರಂಜಿಗೆ ರೈಲು ನಿಲ್ದಾಣವಿಲ್ಲ ಎಂಬ ಮಾತು ಸ್ಥಳೀಯರಿಗೆ ಅನಗತ್ಯವೆನಿಸಬಹುದು. ಆದರೆ ಅಷ್ಟು ದೊಡ್ಡ ಊರಿಗೆ ರೈಲು ಇದ್ದೇ ಇರುತ್ತದೆಂದು ಹೊರಗಿನವರು ಭಾವಿಸುವುದುಂಟು. ರವಾನೆಯಾದ ಸಂದೇಶ ಎಲ್ಲಿಗೆ ತಲುಪುತ್ತದೆಂದು ತಿಳಿಯದಿದ್ದಾಗ ಅತಿ ದೂರದ ಓದುಗರನ್ನೇ ಮನಸ್ಸಿನಲ್ಲಿಟ್ಟು ಬರೆಯಬೇಕು. ಕೊನೆಯಲ್ಲಿ ತಾಲ್ಲೂಕು, ಜಿಲ್ಲೆಗಳ ಹೆಸರು ಬಂದಿರುವುದೂ ಅದಕ್ಕಾಗಿಯೇ. ವಾಟ್ಸಾಪ್‌ನಲ್ಲಿ ಸಹಿ ಹಾಕುವ ರೂಢಿ ಇಲ್ಲದಿದ್ದರೂ ರವಾನೆಯಲ್ಲಿ ನಮ್ಮ ಹೆಸರು ಕಳಚಿಹೋಗುವುದರಿಂದ ಎರಡು ಸಾಲಿನ ಸಹಿ ಅಲ್ಲಿಯೂ ಬೇಕು. ಇ-ಮೇಲ್‌ಗೆ ತಾನಾಗಿ ಸೇರುವ ಆರು ಸಾಲಿನ ಸಹಿಯನ್ನು ಆಗ ತೆಗೆದುಬಿಡಬೇಕು, ಇಲ್ಲವಾದರೆ ಪತ್ರಕ್ಕೆ ಎರಡು ಸಹಿಗಳಾಗುತ್ತವೆ.

ಗೌರವದ ವಿಷಯಕ್ಕೂ ಒಂದು ಮಾತು. ಪತ್ರದಲ್ಲಿ "ತಾವು" ಎನ್ನುವುದು ನಮ್ಮ ರೂಢಿ. ಗುಂಪಿನ ಸಂದೇಶದಲ್ಲಿ ಪ್ರತಿ ವಾಕ್ಯಕ್ಕೂ "ತಾವು" ಬಂದರೆ ಕಿರಿಯರಿಗೆ ಅದು ವ್ಯಂಗ್ಯವಾಗಿ ಕೇಳಿಸುತ್ತದೆ. ಬರಿಯ "ನೀವು" ಎಂದರೆ ಇ-ಮೇಲ್ ಓದುವ ಹಿರಿಯರಿಗೆ ಕೊರತೆ. ಕನ್ನಡದಲ್ಲಿ ಕರ್ತೃಪದವನ್ನು ಬಿಟ್ಟೂ ವಾಕ್ಯ ಪೂರ್ಣವಾಗುತ್ತದೆ ಎಂಬುದು ಇಲ್ಲಿ ನಮ್ಮ ಭಾಗ್ಯ. "ತಿಳಿಸಬೇಕು", "ಇಳಿಯಬೇಕು", "ತಿಳಿಸಿರಿ" ಎಂಬ ಕ್ರಿಯಾಪದಗಳಲ್ಲೇ ಗೌರವ ಅಡಗಿರುತ್ತದೆ. ಮೇಲಿನ ಉತ್ತರದಲ್ಲಿ ತಾವು ಎಂಬುದೂ ಇಲ್ಲ, ನೀವು ಎಂಬುದೂ ಇಲ್ಲ. ಆದರೂ ಅಗೌರವವಿಲ್ಲ.

ಇನ್ನು ಕಳೆದುಕೊಂಡುದರ ಲೆಕ್ಕ. ಆ ತಾಯಿ ತನ್ನ ಮಾವನವರ ಬಗ್ಗೆ ಕಳಕಳಿಯಿಂದ ಕೇಳಿದ್ದರು. ನಾವು ಕೊಟ್ಟುದು ಎಲ್ಲರಿಗೂ ಸಲ್ಲುವ ಉತ್ತರ. "ಮೆಟ್ಟಿಲು ಹತ್ತಲಾಗದವರಿಗೆ" ಎಂಬ ಮಾತಿನಲ್ಲಿ ಅವರ ಮಾವನವರು ಇದ್ದಾರೆ, ಆದರೆ ಗುಂಪಿನಲ್ಲಿ ಒಬ್ಬರಾಗಿ ಇದ್ದಾರೆ. ಎರಡೂ ಬಾಗಿಲಿಗೆ ಹೊಂದುವ ಬರಹಕ್ಕೆ ತೆರಬೇಕಾದ ಅತಿ ದೊಡ್ಡ ಬೆಲೆ ಇದೇ. ಅದನ್ನು ತುಂಬಿಕೊಡಲು ಬರಹವನ್ನು ಬದಲಿಸುವುದಿಲ್ಲ. ಪ್ರತ್ಯೇಕವಾಗಿ ಇನ್ನೆರಡು ಸಾಲು ಬರೆಯುತ್ತೇವೆ, ಅಥವಾ ಸಂಜೆ ದೂರವಾಣಿಯಲ್ಲಿ ಮಾತಾಡುತ್ತೇವೆ. ಸಾಮಾನ್ಯ ಸಂಗತಿ ಸಾಮಾನ್ಯ ಉತ್ತರದಲ್ಲಿ, ಮನೆಯ ಸಂಗತಿ ಮನೆಗೆ. ಹೆಸರು ನೋಂದಣಿಯನ್ನು "ಇಲ್ಲಿಯೇ ಉತ್ತರಿಸಿ" ಎನ್ನದೆ "ನೇರವಾಗಿ ತಿಳಿಸಿರಿ" ಎಂದುದೂ ಇದೇ ಕಾರಣಕ್ಕೆ. ಇ-ಮೇಲ್‌ನಲ್ಲಿ "ಇಲ್ಲಿ" ಎಂದರೆ ಕಾರ್ಯದರ್ಶಿ ಒಬ್ಬರೇ. ಗುಂಪಿನಲ್ಲಿ "ಇಲ್ಲಿ" ಎಂದರೆ ನೂರಾರು ಜನ.

ಇನ್ನೊಂದು ಅಸಮತೆಯೂ ಉಂಟು. ವಾಟ್ಸಾಪ್‌ನಲ್ಲಿ ಕಳುಹಿಸಿದ ಸಂದೇಶವನ್ನು 15 ನಿಮಿಷಗಳವರೆಗೆ ತಿದ್ದಬಹುದು. ಜಿಮೇಲ್‌ನಲ್ಲಿ ಹೆಚ್ಚೆಂದರೆ 30 ಸೆಕೆಂಡುಗಳೊಳಗೆ ಕಳುಹಿಸುವುದನ್ನು ತಡೆಯಬಹುದು, ಅನಂತರ ಕೈಯಲ್ಲೇನೂ ಇಲ್ಲ. ತಿದ್ದಿದ ಸಂದೇಶವೂ ಅಷ್ಟರೊಳಗೆ ರವಾನೆಯಾದ ಪ್ರತಿಗಳನ್ನು ತಿದ್ದುವುದಿಲ್ಲ. ಆದುದರಿಂದ ಎರಡರಲ್ಲಿ ಕಠಿನವಾದ ನಿಯಮವನ್ನೇ ಎರಡಕ್ಕೂ ಅನ್ವಯಿಸಬೇಕು. ತಿದ್ದಲು ಬರುವುದೇ ಇಲ್ಲ ಎಂದು ತಿಳಿದು ಕಳುಹಿಸಬೇಕು. ಮೊದಲು ನಮಗೆ ನಾವೇ ಎರಡೂ ದಾರಿಯಲ್ಲಿ ಕಳುಹಿಸಿಕೊಂಡು, ಮನೆಯಲ್ಲಿರುವ ಅತಿ ಚಿಕ್ಕ ಮೊಬೈಲಿನಲ್ಲಿ ಓದಿ, ವಿಳಾಸವನ್ನು ಒತ್ತಿ ನೋಡಿ, ವಾರಕ್ಕೂ ದಿನಾಂಕಕ್ಕೂ ತಾಳೆ ಇದೆಯೇ ಎಂದು ಪಂಚಾಂಗ ನೋಡಿದ ಮೇಲೆ ಕಳುಹಿಸುವುದು ಕ್ರಮ. ಇಷ್ಟಕ್ಕೂ ಹತ್ತು ನಿಮಿಷ ಬೇಕು. ಕೊನೆಯ ದಿನ ಬದಲಾದರೆ ಹಳೆಯದನ್ನು ತಿದ್ದದೆ, "ತಿದ್ದುಪಡಿ" ಎಂಬ ಪದದಿಂದಲೇ ಆರಂಭವಾಗುವ ಹೊಸ ಉತ್ತರವನ್ನು ಎರಡೂ ದಾರಿಗಳಲ್ಲಿ ಕಳುಹಿಸಬೇಕು.

ಒಂದೇ ಬರಹ ಸಲ್ಲದ ಸಂದರ್ಭಗಳೂ ಇವೆ. ಕಳುಹಿಸಿದ ಕವಿತೆ ಆಯ್ಕೆಯಾಗಲಿಲ್ಲ ಎಂಬ ಮಾತನ್ನು, ದೇಣಿಗೆಯ ಲೆಕ್ಕದ ಬಗೆಗಿನ ಸಂಶಯವನ್ನು, ಮರಣದ ಸಾಂತ್ವನವನ್ನು ಗುಂಪಿಗೂ ಪತ್ರಕ್ಕೂ ಹೊಂದುವಂತೆ ಬರೆಯಲು ಯತ್ನಿಸಲೇಬಾರದು. ಲೆಕ್ಕಕ್ಕೆ ಕೋಷ್ಟಕ ಬೇಕು, ದಾಖಲೆ ಬೇಕು, ಅದು ಇ-ಮೇಲ್‌ಗೇ ಸಲ್ಲುತ್ತದೆ. ಸಾಂತ್ವನಕ್ಕೆ ಮನುಷ್ಯರು ಬೇಕು. ಉತ್ತರ ಮೊಬೈಲಿನ ಎರಡು ಪರದೆಗಳನ್ನು ಮೀರಿ ಬೆಳೆದರೂ ಅದನ್ನು ಒಡೆಯುವುದೇ ಸರಿ. ಪೂರ್ಣ ಪತ್ರ ಇ-ಮೇಲ್‌ಗೆ, ಅದರ ಮೊದಲ ಸಾಲು ಮತ್ತು ಗಡುವಿನ ವಾಕ್ಯ ಮಾತ್ರ ಗುಂಪಿಗೆ. ಆಗಲೂ ಆ ಎರಡು ಸಾಲುಗಳನ್ನು ಹೊಸದಾಗಿ ಬರೆಯದೆ ಪತ್ರದಿಂದಲೇ ಹಾಗೆಯೇ ಎತ್ತಿಕೊಂಡರೆ ದಿನಾಂಕ ಎರಡಾಗುವ ಭಯವಿಲ್ಲ.

ಈ ಸಂಪುಟ ತಮ್ಮ ಕೈ ಸೇರುವ ಹೊತ್ತಿಗೆ ಮುಂದಿನ ಕೂಟದ ಪ್ರಶ್ನೆಗಳು ಆರಂಭವಾಗಿರುತ್ತವೆ. ಕೇಳುವವರಲ್ಲಿ ನಮ್ಮದೊಂದು ವಿನಂತಿ. ಎಷ್ಟು ಜನ, ಯಾವ ದಿನ, ಯಾವ ಊರಿನಿಂದ ಎಂಬುದನ್ನು ಪ್ರಶ್ನೆಯಲ್ಲಿಯೇ ತಿಳಿಸಿದರೆ ಉತ್ತರ ಒಂದೇ ಬಾರಿಗೆ ಮುಗಿಯುತ್ತದೆ. ಮೊಣಕಾಲು ನೋವನ್ನೂ ಸಂಕೋಚವಿಲ್ಲದೆ ಬರೆಯಿರಿ. ಅದನ್ನು ಗುಂಪಿಗೆ ಹೇಳುವುದಿಲ್ಲ, ಕೋಣೆಯ ಕೀಲಿಯ ಚೀಟಿಯಲ್ಲಿ ಮಾತ್ರ ಗುರುತು ಮಾಡಿಕೊಳ್ಳುತ್ತೇವೆ.